ಸಿದ್ಧ ಮಳಿಗೆಯೋ, ಬರಿಯ ಜಾಗವೋ: ಎರಡನ್ನೂ ಬುಕ್ ಮಾಡಿ ನೋಡಿದವರ ಲೆಕ್ಕ

ತಿಪಟೂರಿನಲ್ಲಿ ನಾನು ಮತ್ತು ನನ್ನ ತಮ್ಮ ಸೇರಿ ನಡೆಸುವ ಚಿಕ್ಕ ಘಟಕದಲ್ಲಿ ಗಾಣದ ಕೊಬ್ಬರಿ ಎಣ್ಣೆ, ತೆಂಗಿನ ಚಿಪ್ಸ್ ಮತ್ತು ಕೊಬ್ಬರಿ ಮಿಠಾಯಿ ತಯಾರಾಗುತ್ತವೆ. ಬೆಂಗಳೂರಿನಲ್ಲಿ ನಡೆಯುವ ಆಹಾರ ಉದ್ಯಮದ ವ್ಯಾಪಾರ ಮೇಳವೊಂದರಲ್ಲಿ ನಾವು ಎರಡು ವರ್ಷ ಮಳಿಗೆ ಹಾಕಿದೆವು. ಮೊದಲ ವರ್ಷ ಆಯೋಜಕರೇ ಗೋಡೆ ಕಟ್ಟಿಕೊಡುವ ‘ಶೆಲ್ ಸ್ಕೀಮ್’ ತೆಗೆದುಕೊಂಡೆವು, ಮರುವರ್ಷ ನೆಲವನ್ನಷ್ಟೇ ಕೊಡುವ ‘ಬೇರ್ ಸ್ಪೇಸ್’ ತೆಗೆದುಕೊಂಡೆವು. ಎರಡರ ನಡುವಿನ ನಿಜವಾದ ವ್ಯತ್ಯಾಸ ದರಪಟ್ಟಿಯಲ್ಲಿ ಕಾಣುವುದಿಲ್ಲ. ಅದು ವಿಚಾರಣೆಯ ಪತ್ರದಲ್ಲಿ ನಾವು ಏನನ್ನು ಕೇಳಿದೆವು, ಏನನ್ನು ಕೇಳಲಿಲ್ಲ ಎಂಬುದರಲ್ಲಿ ಅಡಗಿರುತ್ತದೆ.

ಮೊದಲ ವರ್ಷ ನಾನು ಕಳಿಸಿದ ಪತ್ರ ಎರಡೇ ಸಾಲಿನದು: ಮಳಿಗೆಯ ಬೆಲೆ ಎಷ್ಟು, ಯಾವ ಜಾಗಗಳು ಖಾಲಿ ಇವೆ. ಅದಕ್ಕೆ ಬಂದ ಉತ್ತರವೂ ಅಷ್ಟೇ ಚಿಕ್ಕದಾಗಿತ್ತು. ಮಾರಾಟ ವಿಭಾಗದ ಯುವಕರು ಮರುದಿನವೇ ಫೋನು ಮಾಡಿ, “ಸರ್, ಕಾರ್ನರ್ ಒಂದೇ ಉಳಿದಿದೆ, ಸಂಜೆಯೊಳಗೆ ಅಡ್ವಾನ್ಸ್ ಹಾಕಿದರೆ ಹಿಡಿದಿಡುತ್ತೇನೆ” ಎಂದರು. ಮೂರು ಮೀಟರ್ ಅಗಲ, ಮೂರು ಮೀಟರ್ ಆಳ, ಒಟ್ಟು 9 ಚದರ ಮೀಟರ್. ಎರಡು ಬದಿ ತೆರೆದಿರುವುದರಿಂದ ಶೇ. 10ರಷ್ಟು ಹೆಚ್ಚುವರಿ. ಈ ಹೆಚ್ಚುವರಿಗೆ ಅವರ ಭಾಷೆಯಲ್ಲಿ ಪಿಎಲ್‌ಸಿ ಎಂದು ಹೆಸರು. ಚದರ ಮೀಟರಿಗೆ 9,000 ರೂಪಾಯಿಯಂತೆ 81,000, ಅದರ ಮೇಲೆ 8,100, ಎಲ್ಲದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 1,05,138 ರೂಪಾಯಿ ಆಯಿತು. ಮೂಲೆಯ ಮಳಿಗೆ ಎಂದರೆ ಎಲ್ಲರಿಗೂ ಒಳ್ಳೆಯದೇ ಎಂದು ನಾನೂ ನಂಬಿದ್ದೆ.

ಮೂಲೆಯ ಮಳಿಗೆಯಲ್ಲಿ ಒಂದು ಬದಿಯ ಗೋಡೆಯೇ ಇರುವುದಿಲ್ಲ ಎಂಬ ಸರಳ ಸಂಗತಿ ನನಗೆ ಹೊಳೆದದ್ದು ಸ್ಥಳಕ್ಕೆ ಹೋದ ಮೇಲೆ. ಶೆಲ್ ಸ್ಕೀಮ್ ಮಳಿಗೆಯನ್ನು ಅಲ್ಯೂಮಿನಿಯಂ ಕಂಬಗಳ ನಡುವೆ ಬಿಳಿಯ ಹಲಗೆಗಳನ್ನು ಸಿಕ್ಕಿಸಿ ಎರಡೂವರೆ ಮೀಟರ್ ಎತ್ತರಕ್ಕೆ ನಿಲ್ಲಿಸುತ್ತಾರೆ. ಸಾಲಿನ ನಡುವಿನ ಮಳಿಗೆಗೆ ಹಿಂದೆ ಒಂದು, ಅಕ್ಕಪಕ್ಕ ಎರಡು, ಹೀಗೆ ಒಂಬತ್ತು ಮೀಟರ್ ಗೋಡೆ ಸಿಗುತ್ತದೆ. ಮೂಲೆಯದಕ್ಕೆ ಆರೇ ಮೀಟರ್. ಅಂದರೆ ನಾವು ಶೇ. 10 ಹೆಚ್ಚು ಕೊಟ್ಟು ಮೂರು ಮೀಟರ್ ಗೋಡೆಯನ್ನು ಕಳೆದುಕೊಂಡಿದ್ದೆವು. ರುಚಿ ನೋಡಲು ಕೊಡುವವರಿಗೆ, ಯಂತ್ರ ಓಡಿಸಿ ತೋರಿಸುವವರಿಗೆ ಎರಡು ಬದಿಯಿಂದ ಜನ ಬರುವುದು ಲಾಭವೇ ಸರಿ. ಬಾಟಲಿಗಳನ್ನು ಕಪಾಟಿನಲ್ಲಿ ಜೋಡಿಸಬೇಕಾದ ನಮ್ಮಂಥವರಿಗೆ ಗೋಡೆ ಬೇಕು. ಇದ್ದ ಗೋಡೆಯ ಮೇಲೂ ಮೊಳೆ ಹೊಡೆಯುವಂತಿಲ್ಲ, ಬಣ್ಣ ಬಳಿಯುವಂತಿಲ್ಲ, ಗಟ್ಟಿ ಅಂಟು ಹಚ್ಚುವಂತಿಲ್ಲ. ಎರಡು ಕಂಬಗಳ ನಡುವೆ ಕಾಣುವ ಹಲಗೆಯ ಅಗಲ ಸುಮಾರು 95 ಸೆಂಟಿಮೀಟರ್ ಮಾತ್ರ. ನಾವು ತಿಪಟೂರಿನಲ್ಲಿ ಹತ್ತು ಅಡಿ ಉದ್ದದ ಒಂದೇ ಫ್ಲೆಕ್ಸ್ ಮುದ್ರಿಸಿ ಒಯ್ದಿದ್ದೆವು. ಅದು ಕಂಬಗಳ ಮೇಲೆ ಉಬ್ಬಿ, ಅಲ್ಲಲ್ಲಿ ಸುಕ್ಕುಗಟ್ಟಿ, ನಾಲ್ಕು ದಿನವೂ ಒಗೆದು ಹರವಿದ ಬಟ್ಟೆಯಂತೆ ಕಾಣುತ್ತಿತ್ತು. ಹಲಗೆಗೊಂದರಂತೆ ಬೇರೆ ಬೇರೆ ಪೋಸ್ಟರ್ ಮಾಡಿಸಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಹಲಗೆಯ ಅಳತೆ ಎಷ್ಟು ಎಂದು ಒಂದು ಸಾಲು ಕೇಳಿದ್ದರೆ ಸಾಕಿತ್ತು.

ಶೆಲ್ ಸ್ಕೀಮ್‌ನ ದರದಲ್ಲಿ ಒಂದು ಮೇಜು, ಎರಡು ಕುರ್ಚಿ, ಮೂರು ಸ್ಪಾಟ್ ಲೈಟು, ನೆಲಹಾಸು, ಹೆಸರು ಬರೆದ ಫೇಶಿಯಾ ಪಟ್ಟಿ ಮತ್ತು 5 ಆಂಪಿಯರಿನ ಒಂದು ಪ್ಲಗ್ ಪಾಯಿಂಟ್ ಸೇರಿದ್ದವು. ಕೊನೆಯದನ್ನು ನಾನು ಓದಿದ್ದೆ, ಆದರೆ ಅರ್ಥ ಮಾಡಿಕೊಂಡಿರಲಿಲ್ಲ. ನಮ್ಮ 230 ವೋಲ್ಟಿನಲ್ಲಿ 5 ಆಂಪಿಯರ್ ಎಂದರೆ 1,150 ವ್ಯಾಟ್. ಮಿಠಾಯಿ ಬೆಚ್ಚಗೆ ಮಾಡಿಕೊಡಲೆಂದು ತಮ್ಮ ತಂದಿದ್ದ ಇಂಡಕ್ಷನ್ ಒಲೆ 2,000 ವ್ಯಾಟಿನದು. ಮೊದಲ ದಿನ ಹನ್ನೊಂದು ಗಂಟೆಗೆ ಅದನ್ನು ಹಚ್ಚಿದ ಕೂಡಲೇ ನಮ್ಮದಷ್ಟೇ ಅಲ್ಲ, ಪಕ್ಕದ ಮೂರು ಮಳಿಗೆಗಳ ದೀಪವೂ ಆರಿತು. ಹೆಚ್ಚುವರಿ ಲೋಡ್ ಬೇಕಿದ್ದರೆ ಮುಂಚೆಯೇ ಕಿಲೋವ್ಯಾಟ್ ಲೆಕ್ಕದಲ್ಲಿ ಕೊಳ್ಳಬೇಕಿತ್ತು; ಸ್ಥಳದಲ್ಲಿ ಕೇಳಿದರೆ ದರ ಒಂದೂವರೆ ಪಟ್ಟು.

ಇನ್ನೊಂದು ತೊಂದರೆ ನಕ್ಷೆಯಿಂದ ಬಂದದ್ದು, ನಮ್ಮ ಸರಕಿಗೆ ಮಾತ್ರ ಅನ್ವಯಿಸುವಂಥದ್ದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಮಳಿಗೆ ಹವಾನಿಯಂತ್ರಣದ ಗಾಳಿ ನೇರವಾಗಿ ಬೀಳುವ ಜಾಗದಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಕೂತುಬಿಟ್ಟಿತು, ನೋಡಿದವರಲ್ಲಿ ಕೆಲವರು ಬೆರಕೆ ಎಂದುಕೊಂಡರು. ಫ್ಲೋರ್ ಪ್ಲ್ಯಾನ್‌ನಲ್ಲಿ ಮಳಿಗೆಯ ಸಂಖ್ಯೆಗಳಿರುತ್ತವೆ, ಪ್ರವೇಶದ್ವಾರ ಇರುತ್ತದೆ. ಗಾಳಿಯ ಕೊಳವೆಗಳು ಇರುವುದಿಲ್ಲ. ಅಗ್ನಿಶಾಮಕ ಪೆಟ್ಟಿಗೆ ಯಾವ ಮಳಿಗೆಯ ಹಿಂದೆ ಬರುತ್ತದೆ, ಹತ್ತಿರದ ಮಳಿಗೆಗಳಲ್ಲಿ ಯಾವುವು ಬೇರ್ ಸ್ಪೇಸ್ ಎಂಬುದನ್ನೂ ಕೇಳಿದರಷ್ಟೇ ಹೇಳುತ್ತಾರೆ. ನಮ್ಮ ಎಡಕ್ಕೆ ನಾಲ್ಕು ಮೀಟರ್ ಎತ್ತರದ ಗೋಡೆ ಎದ್ದು, ಆ ಕಡೆಯಿಂದ ಬರುವವರಿಗೆ ನಮ್ಮ ಫೇಶಿಯಾ ಕಾಣದೇ ಹೋಯಿತು.

ಆ ಗೋಡೆಯೇ ಮರುವರ್ಷ ನಮ್ಮನ್ನು ಬೇರ್ ಸ್ಪೇಸ್‌ನತ್ತ ಎಳೆಯಿತು ಎಂದರೆ ತಪ್ಪಾಗದು. ಈ ಸಲ ಬರೆದ ಪತ್ರ ಒಂದು ಪುಟದ್ದು. ಅದರ ಮುಖ್ಯ ಭಾಗ ಹೀಗಿತ್ತು:

“ಮಾನ್ಯರೇ, 18 ಚದರ ಮೀಟರ್ ಜಾಗವನ್ನು ಆರು ಮೀಟರ್ ಮುಂಭಾಗ ಮತ್ತು ಮೂರು ಮೀಟರ್ ಆಳದ ರೂಪದಲ್ಲಿ ಪಡೆಯುವ ಉದ್ದೇಶವಿದೆ. ಜೋಡಿ ಶೆಲ್ ಸ್ಕೀಮ್ ಮತ್ತು ಬೇರ್ ಸ್ಪೇಸ್ ಎರಡಕ್ಕೂ ತೆರಿಗೆ ಸಹಿತವಾದ ಪ್ರತ್ಯೇಕ ಪ್ರೊಫಾರ್ಮಾ ಇನ್‌ವಾಯ್ಸ್ ಕಳುಹಿಸಿ. ವಿದ್ಯುತ್ತಿನ ದರ ಇದರಲ್ಲಿ ಸೇರಿದೆಯೇ, ಇಲ್ಲದಿದ್ದರೆ ಕಿಲೋವ್ಯಾಟಿಗೆ ಎಷ್ಟು, ಜೋಡಣೆಯ ದಿನಗಳ ವಿದ್ಯುತ್ತಿಗೆ ಬೇರೆ ಶುಲ್ಕವಿದೆಯೇ ತಿಳಿಸಿ. ನಿರ್ಮಾಣದ ಗರಿಷ್ಠ ಎತ್ತರ, ವಿನ್ಯಾಸ ಸಲ್ಲಿಸಬೇಕಾದ ಕೊನೆಯ ದಿನಾಂಕ, ಗುತ್ತಿಗೆದಾರರ ಠೇವಣಿ ಮತ್ತು ಅದನ್ನು ಹಿಂದಿರುಗಿಸುವ ಷರತ್ತುಗಳನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.”

ಉತ್ತರ ಬರಲು ಐದು ದಿನ ಹಿಡಿಯಿತು, ಆದರೆ ಪ್ರತಿಯೊಂದಕ್ಕೂ ಉತ್ತರವಿತ್ತು. ಶೆಲ್ ಸ್ಕೀಮ್ ಚದರ ಮೀಟರಿಗೆ 9,500, ಬೇರ್ ಸ್ಪೇಸ್ 8,700. ಹದಿನೆಂಟು ಚದರ ಮೀಟರಿಗೆ 14,400 ರೂಪಾಯಿ ಉಳಿತಾಯವೆಂದು ತಮ್ಮ ಹಿಗ್ಗಿದ. ಕಾಗದದ ಮೇಲೆ ಉಳಿತಾಯವೇ. ಜೋಡಿ ಶೆಲ್ ಸ್ಕೀಮ್ ತೆರಿಗೆ ಸೇರಿ 2,01,780 ಆಗುತ್ತಿತ್ತು, ಬೇರ್ ಸ್ಪೇಸ್ 1,84,788. ಆದರೆ ಈ ಎರಡನೆಯ ಮೊತ್ತಕ್ಕೆ ಸಿಗುವುದು ಸಿಮೆಂಟಿನ ನೆಲದ ಮೇಲೆ ಸುಣ್ಣದಲ್ಲಿ ಎಳೆದ ನಾಲ್ಕು ಗೆರೆ. ಗೋಡೆ, ನೆಲಹಾಸು, ದೀಪ, ಮೇಜು, ಎಲ್ಲವನ್ನೂ ಫ್ಯಾಬ್ರಿಕೇಟರ್ ಕಟ್ಟಿಕೊಡಬೇಕು. ಮೂವರಲ್ಲಿ ಕಡಿಮೆ ಹೇಳಿದವರು ಚದರ ಮೀಟರಿಗೆ 5,500 ಕೇಳಿದರು, ತೆರಿಗೆಯೊಂದಿಗೆ 1,16,820. ಬೇರ್ ಸ್ಪೇಸ್‌ಗೆ ವಿದ್ಯುತ್ತು ಒಂದಿಷ್ಟೂ ಸೇರಿರುವುದಿಲ್ಲ, ಹಾಗಾಗಿ ನಾಲ್ಕು ಕಿಲೋವ್ಯಾಟಿಗೆ 14,160. ಒಟ್ಟು 3,15,768. ಜೋಡಿ ಶೆಲ್ ಸ್ಕೀಮ್‌ಗೆ ಮೂರು ಕಿಲೋವ್ಯಾಟ್ ಹೆಚ್ಚುವರಿ ಕೊಂಡಿದ್ದರೂ 2,12,400ರಲ್ಲಿ ಮುಗಿಯುತ್ತಿತ್ತು. ಕಡಿಮೆ ದರದ ಜಾಗ ಒಂದು ಲಕ್ಷ ಮೂರು ಸಾವಿರದಷ್ಟು ದುಬಾರಿಯಾಯಿತು. ತೆರಿಗೆಯ ಭಾಗ ನಮಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಕಂಪೋಸಿಷನ್ ಯೋಜನೆಯಲ್ಲಿರುವ ಚಿಕ್ಕ ತಯಾರಕರಿಗೆ ಅದೂ ಸಿಗುವುದಿಲ್ಲ, ಅವರು ಪೂರ್ತಿ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಆ ಒಂದು ಲಕ್ಷಕ್ಕೆ ಏನು ಸಿಕ್ಕಿತು ಎಂದರೆ, ಮೂರೂವರೆ ಮೀಟರ್ ಎತ್ತರದ, ಕಂಬಗಳಿಲ್ಲದ ಹಿಂಗೋಡೆ. ಬಾಟಲಿಗಳ ತೂಕ ತಡೆಯುವ ಮರದ ಕಪಾಟು. ಪೆಟ್ಟಿಗೆಗಳನ್ನು ಇಡಲು ಬೀಗವಿರುವ ಒಂದು ಮೀಟರಿನ ಕೋಣೆ. ಈ ಕೋಣೆಯ ಬೆಲೆ ಶೆಲ್ ಸ್ಕೀಮ್‌ನಲ್ಲಿ ಮೇಜಿನ ಕೆಳಗೆ ಕಾರ್ಟನ್ ತುರುಕಿದವರಿಗೆ ಮಾತ್ರ ಗೊತ್ತು. ಕಪಾಟಿನ ಒಳಗೆ ಬೆಚ್ಚಗಿನ ಬಲ್ಬುಗಳನ್ನು ಹಾಕಿಸಿದ್ದರಿಂದ ಎಣ್ಣೆ ನಾಲ್ಕೂ ದಿನ ತಿಳಿಯಾಗಿಯೇ ಉಳಿಯಿತು.

ಜೋಡಣೆಯ ನಿಯಮಗಳಲ್ಲಿ ಎರಡೂ ಬೇರೆ ಬೇರೆ ಲೋಕಗಳು. ಶೆಲ್ ಸ್ಕೀಮ್‌ನವರಿಗೆ ಮೇಳದ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಮಳಿಗೆ ಕೈಗೆ ಬರುತ್ತದೆ, ರಾತ್ರಿ ಹತ್ತರೊಳಗೆ ಸರಕು ಜೋಡಿಸಿದರೆ ಮುಗಿಯಿತು. ಬೇರ್ ಸ್ಪೇಸ್‌ನವರಿಗೆ ಎರಡು ದಿನ ಮುಂಚೆ ಜಾಗ ಸಿಗುತ್ತದೆ, ಆದರೆ ಪೂರ್ತಿ ಬಾಕಿ ಕಟ್ಟಿ, ವಿನ್ಯಾಸಕ್ಕೆ ಒಪ್ಪಿಗೆ ಪಡೆದು, ಠೇವಣಿ ಇಟ್ಟ ಮೇಲಷ್ಟೇ ಪೊಸೆಷನ್ ಲೆಟರ್ ಕೊಡುತ್ತಾರೆ. ನಮ್ಮ ವಿನ್ಯಾಸ ಒಮ್ಮೆ ತಿರಸ್ಕಾರವಾಯಿತು. ನೆರೆಯ ಮಳಿಗೆಗಿಂತ ಎತ್ತರವಾದ ಗೋಡೆಯ ಹಿಂಬದಿಯನ್ನೂ ಬಿಳಿಯ ಬಣ್ಣದಲ್ಲಿ ಮುಗಿಸಬೇಕೆಂಬ ನಿಯಮವನ್ನು ಫ್ಯಾಬ್ರಿಕೇಟರ್ ನಕ್ಷೆಯಲ್ಲಿ ತೋರಿಸಿರಲಿಲ್ಲ. ಸಭಾಂಗಣದೊಳಗೆ ಮರ ಕೊಯ್ಯುವುದು, ವೆಲ್ಡಿಂಗ್, ಸ್ಪ್ರೇ ಪೇಂಟಿಂಗ್ ನಿಷಿದ್ಧ. ಎಲ್ಲವನ್ನೂ ಹೊರಗೆ ಸಿದ್ಧಪಡಿಸಿ ತಂದು ಒಳಗೆ ಜೋಡಿಸಬೇಕು. ಗ್ಯಾಸ್ ಸಿಲಿಂಡರ್ ಮತ್ತು ಬೆಂಕಿಯ ಒಲೆ ಎರಡೂ ಬಗೆಯ ಮಳಿಗೆಗೆ ನಿಷಿದ್ಧ. ಜೋಡಣೆಯ ದಿನಗಳಲ್ಲಿ ಹವಾನಿಯಂತ್ರಣ ಇರುವುದಿಲ್ಲ, ಮೇಳದ ದಿನಗಳಲ್ಲಿ ರಾತ್ರಿ ಮಳಿಗೆಗಳ ವಿದ್ಯುತ್ತು ಕಡಿಯುತ್ತಾರೆ. ಫ್ರಿಜ್ ಇಡುವವರು 24 ಗಂಟೆಯ ಲೈನನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು.

ಕೊನೆಯ ದಿನದ ಅನುಭವವೂ ಬೇರೆ. ಶೆಲ್ ಸ್ಕೀಮ್‌ನಲ್ಲಿ ಗೇಟ್ ಪಾಸ್ ತೋರಿಸಿ ಪೆಟ್ಟಿಗೆ ಹೊತ್ತು ಏಳೂವರೆಗೆ ಹೊರಟೆವು. ಬೇರ್ ಸ್ಪೇಸ್‌ನಲ್ಲಿ ಫ್ಯಾಬ್ರಿಕೇಟರನ ಆಳುಗಳು ಬಂದದ್ದು ರಾತ್ರಿ ಹನ್ನೊಂದಕ್ಕೆ. ಅವರು ಬಿಟ್ಟುಹೋದ ಪ್ಲೈವುಡ್ ತುಂಡು ಮತ್ತು ನೆಲಕ್ಕೆ ಅಂಟಿದ ಟೇಪಿಗಾಗಿ 20,000 ರೂಪಾಯಿ ಠೇವಣಿಯಲ್ಲಿ 4,000 ಕಡಿತವಾಯಿತು. ಫ್ಯಾಬ್ರಿಕೇಟರನ ಕೊನೆಯ ಕಂತನ್ನು ಠೇವಣಿ ವಾಪಸಾದ ಮೇಲೆ ಕೊಡುವುದಾಗಿ ಕರಾರಿನಲ್ಲಿ ಬರೆದುಕೊಂಡಿದ್ದರೆ ಆ ಹಣ ನಮ್ಮ ಕೈ ಬಿಡುತ್ತಿರಲಿಲ್ಲ.

ಹೊಸ ವಿತರಕರು ಮೊದಲ ವರ್ಷ ಇಬ್ಬರು ಸಿಕ್ಕಿದ್ದರು, ಎರಡನೆಯ ವರ್ಷ ಐವರು. ಇದರಲ್ಲಿ ಗೋಡೆಯ ಪಾಲೆಷ್ಟು, ದೊಡ್ಡ ಜಾಗದ ಪಾಲೆಷ್ಟು ಎಂದು ಬೇರ್ಪಡಿಸಲಾರೆ. ಜೋಡಿ ಶೆಲ್ ಸ್ಕೀಮ್ ತೆಗೆದುಕೊಂಡಿದ್ದರೂ ನಾಲ್ವರಾದರೂ ಸಿಗುತ್ತಿದ್ದರು ಎಂಬುದು ನನ್ನ ಅಂದಾಜು. ತಮ್ಮ ಇದನ್ನು ಒಪ್ಪುವುದಿಲ್ಲ. ಸದ್ಯಕ್ಕೆ ಮುಂದಿನ ಮೇಳಕ್ಕೆ ಸಾಲಿನ ನಡುವಿನ ಜೋಡಿ ಶೆಲ್ ಸ್ಕೀಮ್‌ಗೆ ವಿಚಾರಣೆ ಕಳಿಸಿದ್ದೇವೆ. ಎರಡು ಮಳಿಗೆಗಳ ನಡುವಿನ ಹಲಗೆಗಳನ್ನು ತೆಗೆಸಿ, ಅವನ್ನೇ ಒಂದು ಮೂಲೆಯಲ್ಲಿ ನಿಲ್ಲಿಸಿ ಬಾಗಿಲಿರುವ ಸಾಮಾನು ಕೋಣೆ ಮಾಡಿಕೊಡಲು ಸಾಧ್ಯವೇ, ಅದಕ್ಕೆ ದರ ಎಷ್ಟು ಎಂದು ಕೇಳಿದ್ದೇವೆ. ಗಾಳಿಯ ಕೊಳವೆಗಳಿರುವ ನಕ್ಷೆಯನ್ನೂ ಕೇಳಿದ್ದೇವೆ. ಮೊದಲನೆಯದಕ್ಕೆ ಸಾಧ್ಯವೆಂದು ಉತ್ತರ ಬಂದಿದೆ, ನಕ್ಷೆ ಇನ್ನೂ ಬಂದಿಲ್ಲ. ಅದು ಬರುವವರೆಗೆ ಮುಂಗಡ ಕಟ್ಟುವುದಿಲ್ಲವೆಂದು ಬರೆದಿದ್ದೇನೆ.