ಆರ್‌ಟಿಎಕ್ಸ್ 3060 12 ಜಿಬಿ: ಹೊಳೆಯುವ ನೆಲ, ಕುಣಿಯುವ ವೇಷ, ಕೆಲವು ವರ್ಷಗಳ ಬಳಕೆ

ಎನ್‌ವಿಡಿಯಾದ ಈ ಗ್ರಾಫಿಕ್ಸ್ ಕಾರ್ಡ್ 2021ರ ಫೆಬ್ರವರಿಯಲ್ಲಿ ಬಂತು. ಆಗ ಕ್ರಿಪ್ಟೋ ಮೈನಿಂಗ್ ಹುಚ್ಚು ಜೋರಾಗಿತ್ತು. ಹೇಳಿದ ಬೆಲೆಗೆ ಕಾರ್ಡ್ ಎಲ್ಲೂ ಸಿಗುತ್ತಿರಲಿಲ್ಲ. ನಾನೂ ಜಾಸ್ತಿ ಕೊಟ್ಟೇ ತಂದೆ. ಗೇಮ್ ಆಡುವುದು ಹೇಗೆ, ಎಷ್ಟು ಎಫ್‌ಪಿಎಸ್ ಬರುತ್ತದೆ ಅಂತ ಹೇಳುವ ವಿಮರ್ಶೆಗಳು ಬೇಕಾದಷ್ಟಿವೆ. ನಾನು ಇದರ ಮೇಲೆ ಗೇಮ್ ಕಟ್ಟುವವನು. ಅದರಲ್ಲೂ ಒಂದೇ ವಿಷಯ ಹೇಳುತ್ತೇನೆ: ಬೆಳಕಿನ ಕಿರಣದ ದಾರಿ ಹಿಡಿದು ಚಿತ್ರ ಬಿಡಿಸುವ ರೇ ಟ್ರೇಸಿಂಗ್‌ನ ಪ್ರತಿಬಿಂಬ, ಅದರೊಳಗೆ ಮೈಕೈ ಆಡಿಸುವ ಪಾತ್ರಗಳು.

ನಮ್ಮ ಪುಟ್ಟ ತಂಡದ ಗೇಮ್‌ನಲ್ಲಿ ಒಂದು ಹಳೇ ಮನೆಯ ಚಾವಡಿ ಇದೆ. ರೆಡ್ ಆಕ್ಸೈಡ್ ನೆಲ. ಅದರ ಮೇಲೆ ತೆಂಕುತಿಟ್ಟಿನ ಯಕ್ಷಗಾನದ ವೇಷ ಕುಣಿಯಬೇಕು, ನೆಲದಲ್ಲಿ ಅದರ ಬಿಂಬ ಕಾಣಬೇಕು. ಮೊದಲು ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಇತ್ತು. ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಿ ಕಿರೀಟ ಪರದೆಯಿಂದ ಆಚೆ ಹೋದರೆ, ಬಿಂಬದಲ್ಲೂ ಕಿರೀಟ ಮಾಯ. ಪರದೆಯಲ್ಲಿ ಇಲ್ಲದ್ದು ಅದಕ್ಕೆ ಗೊತ್ತೇ ಇಲ್ಲ. ಅದಕ್ಕೇ ರೇ ಟ್ರೇಸಿಂಗ್‌ಗೆ ಬಂದೆವು.

ಲೆಕ್ಕ ಹೀಗಿದೆ. 1080ಪಿ ಚಿತ್ರಕ್ಕೆ ಬಿಂಬವನ್ನು ಅರ್ಧ ರೆಸಲ್ಯೂಷನ್‌ನಲ್ಲಿ, ಅಂದರೆ 960×540ರಲ್ಲಿ ಬಿಡಿಸುತ್ತೇವೆ. ಪಿಕ್ಸೆಲ್‌ಗೆ ಒಂದೇ ಕಿರಣ. ಇಡೀ ಪರದೆ ಹೊಳೆಯುತ್ತಿದ್ದರೂ ಫ್ರೇಮ್‌ಗೆ ಸುಮಾರು 5.2 ಲಕ್ಷ ಕಿರಣ. ಕಿರಣದ ಲೆಕ್ಕಕ್ಕೆಂದೇ ಈ ಕಾರ್ಡ್‌ನಲ್ಲಿರುವ 28 ಆರ್‌ಟಿ ಕೋರ್‌ಗಳಿಗೆ ಇದು ದೊಡ್ಡ ವಿಷಯವೇ ಅಲ್ಲ. ಕಿರಣ ಬಿಡುವುದರಲ್ಲಿ ನನಗೆ ಇವತ್ತಿನವರೆಗೂ ದೂರಿಲ್ಲ. ತಲೆನೋವು ಅದರ ಹಿಂದೆ ಮತ್ತು ಮುಂದೆ ಇದೆ: ಕಿರಣಕ್ಕೆ ಬೇಕಾದ ಮರವನ್ನು ಪ್ರತಿ ಫ್ರೇಮ್ ಸಿದ್ಧ ಮಾಡುವುದು, ಆಮೇಲೆ ಬಂದ ಚಿತ್ರದ ಚುಕ್ಕಿ ಚುಕ್ಕಿ ನಾಯ್ಸ್ ತೆಗೆಯುವುದು.

ಮೊದಲು ಮರದ ಕಥೆ. ಕಿರಣ ಎಲ್ಲ ತ್ರಿಕೋನಗಳನ್ನೂ ಒಂದೊಂದಾಗಿ ಮುಟ್ಟಿ ನೋಡಲು ಆಗುವುದಿಲ್ಲ. ಅದಕ್ಕೆ ಹತ್ತಿರದ ತ್ರಿಕೋನಗಳನ್ನು ಸಣ್ಣ ಡಬ್ಬಿಗೆ ಹಾಕಿ, ಸಣ್ಣ ಡಬ್ಬಿಗಳನ್ನು ದೊಡ್ಡ ಡಬ್ಬಿಗೆ ಹಾಕಿಡುತ್ತಾರೆ, ಅಡುಗೆಮನೆಯ ಪಾತ್ರೆ ಜೋಡಿಸಿದ ಹಾಗೆ. ಡಬ್ಬಿಗೇ ತಾಗದ ಕಿರಣ ಒಳಗಿನದನ್ನು ನೋಡುವುದೇ ಇಲ್ಲ. ಡಬ್ಬಿಯೊಳಗೆ ಡಬ್ಬಿ ಇಟ್ಟ ಈ ಜೋಡಣೆಯೇ ಮರ. ಒಂದು ಪಾತ್ರದ ಮರ ಬಿಎಲ್‌ಎಎಸ್. ಎಲ್ಲ ಪಾತ್ರ, ಕಂಬ, ಗೋಡೆ ಸೇರಿದ ಮೇಲಿನ ಮರ ಟಿಎಲ್‌ಎಎಸ್. ಗೋಡೆಗೆ ಒಮ್ಮೆ ಕಟ್ಟಿದರೆ ಮುಗಿಯಿತು. ಮೂಳೆ ಹಾಕಿ ಆಡಿಸುವ ಪಾತ್ರಕ್ಕೆ ಹಾಗಲ್ಲ. ಅದರ ತ್ರಿಕೋನಗಳ ಪ್ರತಿ ಮೂಲೆ, ಅಂದರೆ ವರ್ಟೆಕ್ಸ್, ಪ್ರತಿ ಫ್ರೇಮ್ ಸರಿಯುತ್ತದೆ. ಮೂಳೆಗೆ ತಕ್ಕ ಹಾಗೆ ಹೀಗೆ ಸರಿಸುವುದೇ ಸ್ಕಿನ್ನಿಂಗ್. ಸ್ಕಿನ್ನಿಂಗ್ ವರ್ಟೆಕ್ಸ್ ಶೇಡರ್‌ನಲ್ಲಿದ್ದರೆ ಬಿಎಲ್‌ಎಎಸ್‌ಗೆ ಅದು ಕಾಣುವುದಿಲ್ಲ. ಕಂಪ್ಯೂಟ್ ಶೇಡರ್‌ನಲ್ಲಿ ಸ್ಕಿನ್ ಮಾಡಿ ಬಫರ್‌ಗೆ ಬರೆದಿಡಬೇಕು. ಒಂದೇ ಮಾದರಿಯ ಹತ್ತು ಜನ ಪ್ರೇಕ್ಷಕರು ಬೇರೆ ಬೇರೆ ಭಂಗಿಯಲ್ಲಿ ಕೂತಿದ್ದರೆ ಹತ್ತು ಬಫರ್, ಹತ್ತು ಬಿಎಲ್‌ಎಎಸ್.

ಇಲ್ಲಿ ಎರಡು ದಾರಿ ಇವೆ. ರೀಬಿಲ್ಡ್ ಅಂದರೆ ಮರವನ್ನು ಬುಡದಿಂದ ಹೊಸದಾಗಿ ಕಟ್ಟುವುದು. ರಿಫಿಟ್ ಅಂದರೆ ಯಾವ ತ್ರಿಕೋನ ಯಾವ ಡಬ್ಬಿಯಲ್ಲಿದೆ ಅನ್ನುವುದನ್ನು ಮುಟ್ಟದೆ, ಡಬ್ಬಿಗಳ ಅಳತೆ ಮಾತ್ರ ಸರಿ ಮಾಡುವುದು. ರಿಫಿಟ್ ತುಂಬಾ ಅಗ್ಗ. ನಮ್ಮ ದೃಶ್ಯದಲ್ಲಿ ರೀಬಿಲ್ಡ್‌ಗೆ ಅದರ ಕೆಲವು ಪಟ್ಟು ಸಮಯ ಹಿಡಿಯುತ್ತದೆ.

ಎಲ್ಲರೂ ಹೇಳುವ ಮಾತೊಂದಿದೆ: ರಿಫಿಟ್ ಮಾಡುತ್ತಾ ಹೋದರೆ ಮರ ದಿನೇ ದಿನೇ ಹಾಳಾಗುತ್ತದೆ, ಹಾಗಾಗಿ ಆಗಾಗ ರೀಬಿಲ್ಡ್ ಮಾಡಿ. ಇದು ಅರ್ಧ ಸತ್ಯ. ರಿಫಿಟ್‌ನಲ್ಲಿ ತಪ್ಪು ಕೂಡುತ್ತಾ ಹೋಗುವುದಿಲ್ಲ. ಪ್ರತಿ ಸಲವೂ ಈಗಿನ ವರ್ಟೆಕ್ಸ್‌ಗಳಿಂದಲೇ ಅಳತೆ ತೆಗೆಯುತ್ತದೆ. ಸಾವಿರ ಸಲ ರಿಫಿಟ್ ಮಾಡಿ ಕಟ್ಟಿದಾಗಿನ ಭಂಗಿಗೇ ವಾಪಸ್ ಬಂದರೆ ಮರ ಮೊದಲಿನಷ್ಟೇ ಚೆನ್ನಾಗಿರುತ್ತದೆ. ಈಗಿನ ಭಂಗಿ ಕಟ್ಟಿದಾಗಿನ ಭಂಗಿಯಿಂದ ಎಷ್ಟು ದೂರ ಇದೆ ಅನ್ನುವುದೇ ಮುಖ್ಯ.

ಧೀಂಗಿಣ ಹೊಡೆಯುವಾಗ ಮರ ಕೆಡುತ್ತದೆ ಅಂತ ನಮ್ಮಲ್ಲಿ ಎಲ್ಲರ ನಿರೀಕ್ಷೆ ಇತ್ತು. ಕಲಾವಿದ ಗಾಳಿಯಲ್ಲಿ ಗರಗರ ತಿರುಗುತ್ತಾನೆ, ಅಲ್ವಾ? ಆದರೆ ಅಲ್ಲಿ ಏನೂ ಆಗಲಿಲ್ಲ. ಇಡೀ ಮೈ ಒಟ್ಟಿಗೆ ತಿರುಗಿದರೆ ಪಕ್ಕದ ತ್ರಿಕೋನ ಪಕ್ಕದಲ್ಲೇ ಇರುತ್ತದೆ. ಡಬ್ಬಿ ಸ್ವಲ್ಪ ಸಡಿಲ ಆಗುತ್ತದೆ, ಅಷ್ಟೇ. ತೊಂದರೆ ಕೊಟ್ಟದ್ದು ಕೈಮುಗಿಯುವ ಭಂಗಿ! ಎಂಜಿನ್ ಪಾತ್ರಗಳನ್ನು ಸರದಿಯಲ್ಲಿ ರೀಬಿಲ್ಡ್ ಮಾಡುತ್ತಿತ್ತು. ಸರದಿ ಬಂದ ಹೊತ್ತಿಗೆ ವೇಷ ಕೈಮುಗಿದು ನಿಂತಿದ್ದರೆ, ಎಡಗೈ ಬಲಗೈ ಬೆರಳುಗಳ ತ್ರಿಕೋನಗಳೆಲ್ಲ ಒಂದೇ ಡಬ್ಬಿಯೊಳಗೆ ಬೆರೆತು ಕೂರುತ್ತವೆ. ಮುಂದಿನ ತಾಳಕ್ಕೆ ಎರಡೂ ಕೈ ಅಗಲಕ್ಕೆ ಹೋಗುತ್ತವೆ. ರಿಫಿಟ್ ಡಬ್ಬಿ ಬದಲಿಸುವಂತಿಲ್ಲ. ಹಾಗಾಗಿ ಈ ಬೆರಳಿಂದ ಆ ಬೆರಳಿನ ತನಕ ಚಾಚಿದ ಡಬ್ಬಿಗಳು ಹತ್ತಾರು. ಎದೆ, ಮುಖ, ಭುಜಕೀರ್ತಿ ಎಲ್ಲದರ ಮೇಲೂ ಅವು ಹರಡಿರುತ್ತವೆ. ಎದೆಗೆ ಹೋದ ಕಿರಣವೂ ಬೆರಳಿನ ತ್ರಿಕೋನಗಳನ್ನು ಸುಮ್ನೆ ತಡಕುತ್ತದೆ. ಚಿತ್ರದಲ್ಲಿ ತಪ್ಪು ಕಾಣುವುದಿಲ್ಲ, ಟ್ರೇಸ್ ಸಮಯ ಮಾತ್ರ ಏರುತ್ತದೆ.

ಪತ್ತೆ ಮಾಡುವುದು ಸುಲಭ. ಕ್ಯಾಮೆರಾ ನಿಲ್ಲಿಸಿ, ಅದೇ ಕುಣಿತವನ್ನು ಮತ್ತೆ ಮತ್ತೆ ಓಡಿಸಿ, ಟ್ರೇಸ್ ಪಾಸ್‌ನ ಸಮಯವನ್ನು ಗ್ರಾಫ್ ಹಾಕಿ. ಆಮೇಲೆ ಏರಿದ ಜಾಗದಲ್ಲಿ ಆ ಪಾತ್ರವನ್ನು ಒಮ್ಮೆ ರೀಬಿಲ್ಡ್ ಮಾಡಿ. ಅದೇ ಭಂಗಿಯಲ್ಲಿ ಸಮಯ ದಿಢೀರ್ ಇಳಿದರೆ ಮರದ್ದೇ ತಪ್ಪು. ಎನ್‌ವಿಡಿಯಾದ ಎನ್‌ಸೈಟ್ ಗ್ರಾಫಿಕ್ಸ್ ಟೂಲ್‌ನಲ್ಲಿ ಡಬ್ಬಿಗಳನ್ನೇ ತೆರೆದು ನೋಡಬಹುದು.

ನಾವು ನಿಂತದ್ದು ಇಲ್ಲಿ. ಪ್ರೇಕ್ಷಕರು, ಹಿಮ್ಮೇಳದವರು ಇವರಿಗೆಲ್ಲ ಕೈ ಚಾಚಿದ ಟಿ-ಪೋಸ್‌ನಲ್ಲಿ ಒಮ್ಮೆ ಚೆನ್ನಾಗಿ ಮರ ಕಟ್ಟಿ, ಆಮೇಲೆ ಬರೀ ರಿಫಿಟ್. ಟಿ-ಪೋಸ್‌ನಲ್ಲಿ ಕೈ ಮೈಯಿಂದ ದೂರ, ಕಾಲು ಕಾಲಿಂದ ದೂರ. ಹಾಗಾಗಿ ಕೈಯದ್ದು ಕೈಯ ಡಬ್ಬಿಯಲ್ಲೇ ಉಳಿಯುತ್ತದೆ. ಮುಖ್ಯ ವೇಷಕ್ಕೆ ಮಾತ್ರ ಪ್ರತಿ ಫ್ರೇಮ್ ರೀಬಿಲ್ಡ್. ಅದರ ಬಟ್ಟೆ ಹಾರಾಡುತ್ತದೆ, ಮಡಚುತ್ತದೆ, ಯಾವ ಭಂಗಿಯ ಮರವೂ ಅದಕ್ಕೆ ಬಹಳ ಹೊತ್ತು ಹೊಂದುವುದಿಲ್ಲ. ನಾವು ಬಳಸುವ ಗ್ರಾಫಿಕ್ಸ್ ಎಪಿಐ ವಲ್ಕನ್‌ನಲ್ಲಿ ಇದು ಹೀಗಿರುತ್ತದೆ:

```
// ಮುಖ್ಯ ವೇಷ: ಪ್ರತಿ ಫ್ರೇಮ್ ಹೊಸ ಮರ
hero.mode  = VK_BUILD_ACCELERATION_STRUCTURE_MODE_BUILD_KHR;
hero.flags = VK_BUILD_ACCELERATION_STRUCTURE_PREFER_FAST_BUILD_BIT_KHR;

// ಉಳಿದವರು: ಟಿ-ಪೋಸ್ ಮರದ ಮೇಲೆ ರಿಫಿಟ್
crowd.mode  = VK_BUILD_ACCELERATION_STRUCTURE_MODE_UPDATE_KHR;
crowd.flags = VK_BUILD_ACCELERATION_STRUCTURE_PREFER_FAST_TRACE_BIT_KHR
            | VK_BUILD_ACCELERATION_STRUCTURE_ALLOW_UPDATE_BIT_KHR;
```

ಟಿಎಲ್‌ಎಎಸ್ ಅನ್ನು ಪ್ರತಿ ಫ್ರೇಮ್ ಹೊಸದಾಗಿಯೇ ಕಟ್ಟಿ. ಅಲ್ಲಿ ಉಳಿಸಲು ಏನೂ ಇಲ್ಲ. ಇನ್ನೊಂದು ಮಾತು: ಪರದೆಯಲ್ಲಿ ಕಾಣದ ಪಾತ್ರದ ಆನಿಮೇಷನ್ ನಿಲ್ಲಿಸುವ ಹಳೇ ಉಳಿತಾಯ ಇಲ್ಲಿ ನಡೆಯುವುದಿಲ್ಲ. ಹಾಗೆ ನಿಲ್ಲಿಸಿದರೆ ಕ್ಯಾಮೆರಾದ ಹಿಂದೆ ಕುಣಿಯುವವನು ನೆಲದ ಬಿಂಬದಲ್ಲಿ ಕಲ್ಲಾಗಿ ನಿಂತಿರುತ್ತಾನೆ.

ಈಗ ನಾಯ್ಸ್. ನಮ್ಮ ನೆಲ ಕನ್ನಡಿ ಅಲ್ಲ, ಸ್ವಲ್ಪ ಒರಟು. ಹಾಗಾಗಿ ಪ್ರತಿ ಪಿಕ್ಸೆಲ್‌ನ ಆ ಒಂದು ಕಿರಣ ಫ್ರೇಮ್‌ಗೊಂದು ದಿಕ್ಕಿಗೆ ಹೋಗುತ್ತದೆ. ಸಿಗುವುದು ಚುಕ್ಕಿ ಚುಕ್ಕಿ ಚಿತ್ರ. ಅದನ್ನು ನಯ ಮಾಡಲು ಎನ್‌ವಿಡಿಯಾದ ಎನ್‌ಆರ್‌ಡಿ ಲೈಬ್ರರಿಯ ರಿಬ್ಲರ್ ಅನ್ನುವ ಡಿನಾಯ್ಸರ್ ಬಳಸುತ್ತೇವೆ. ಅದಕ್ಕೆ ಬಣ್ಣದ ಜೊತೆಗೆ ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಅನ್ನುವ ನಾರ್ಮಲ್, ಒರಟುತನ, ಆಳ, ಮೋಷನ್ ವೆಕ್ಟರ್, ಮತ್ತೆ ಹಿಟ್ ಡಿಸ್ಟೆನ್ಸ್ ಕೊಡಬೇಕು. ಹಿಟ್ ಡಿಸ್ಟೆನ್ಸ್ ಅಂದರೆ ಕಿರಣ ನೆಲದಿಂದ ಎಷ್ಟು ದೂರ ಹೋಗಿ ತಾಗಿತು ಅನ್ನುವುದು. ಇದನ್ನು ಸರಿಯಾಗಿ ಕೊಟ್ಟರೆ ಚಿತ್ರಕ್ಕೆ ಜೀವ ಬರುತ್ತದೆ. ನೆಲಕ್ಕೆ ತಾಗಿದ ಗೆಜ್ಜೆಯ ಬಿಂಬ ಚೂಪಾಗಿ, ಮೊಣಕಾಲು ಸ್ವಲ್ಪ ಮಸುಕಾಗಿ, ಕಿರೀಟ ಬರೀ ಬಣ್ಣದ ಛಾಯೆಯಾಗಿ ಕಾಣುತ್ತದೆ. ನಿಜವಾದ ನೆಲದಲ್ಲೂ ಹಾಗೇ ಇರುತ್ತದೆ.

ಆದರೆ ಒಂದು ಮಿತಿ ಇದೆ, ಅದು ಕಾರ್ಡಿನದ್ದೂ ಅಲ್ಲ, ಲೈಬ್ರರಿಯದ್ದೂ ಅಲ್ಲ. ಡಿನಾಯ್ಸರ್ ಹಳೇ ಫ್ರೇಮ್‌ಗಳನ್ನು ಬೆರೆಸಿ ಕೆಲಸ ಮಾಡುತ್ತದೆ. ಹಳೇ ಪಿಕ್ಸೆಲ್ ಎಲ್ಲಿತ್ತು ಅಂತ ಹುಡುಕಲು ಮೋಷನ್ ವೆಕ್ಟರ್ ನೋಡುತ್ತದೆ. ಕ್ಯಾಮೆರಾ ಚಲಿಸಿದರೆ ಹಿಟ್ ಡಿಸ್ಟೆನ್ಸ್ ಹಿಡಿದು, ಬಿಂಬ ನೆಲದ ಅಡಿಯಲ್ಲಿ ಎಷ್ಟು ಆಳದಲ್ಲಿದೆ ಅಂತ ಅಂದಾಜು ಮಾಡಿ ಸರಿದೂಗಿಸುತ್ತದೆ. ಆದರೆ ಕ್ಯಾಮೆರಾ ನಿಂತಿದೆ, ನೆಲವೂ ನಿಂತಿದೆ, ಬಿಂಬದೊಳಗಿನ ವೇಷ ಮಾತ್ರ ಕುಣಿಯುತ್ತಿದೆ ಅಂದುಕೊಳ್ಳಿ. ನೆಲದ ಮೋಷನ್ ವೆಕ್ಟರ್ ಸೊನ್ನೆ. ಏನೂ ಬದಲಾಗಿಲ್ಲ ಅಂತ ಅದು ಹಳೆಯದನ್ನು ಧೈರ್ಯವಾಗಿ ಬೆರೆಸುತ್ತದೆ. ಕೈ ಬೀಸಿದ ಕಡೆಯೆಲ್ಲ ದೆವ್ವದ ಬಾಲ. 30 ಫ್ರೇಮ್‌ಗಳ ನೆನಪು ಇಟ್ಟರೆ 60 ಎಫ್‌ಪಿಎಸ್‌ನಲ್ಲಿ ಅದು ಅರ್ಧ ಸೆಕೆಂಡ್, ಕುಣಿತದಲ್ಲಿ ಒಂದೆರಡು ಹೆಜ್ಜೆಯೇ ಆಯಿತು.

ನಾವು ಬಿಂಬದ ಕಿರಣ ಸ್ಕಿನ್ ಮಾಡಿದ ಪಾತ್ರಕ್ಕೆ ತಾಗಿದ್ದರೆ ಆ ಪಿಕ್ಸೆಲ್‌ಗೆ ಗುರುತು ಹಾಕಿ, ಅಲ್ಲಿ ಮಾತ್ರ ನೆನಪನ್ನು ಕೆಲವೇ ಫ್ರೇಮ್‌ಗೆ ಇಳಿಸಿದೆವು. ಬಾಲ ಬಹುಪಾಲು ಹೋಯಿತು. ಬದಲಿಗೆ ವೇಷದ ಬಿಂಬದ ಅಂಚಿನಲ್ಲಿ ಸ್ವಲ್ಪ ನಾಯ್ಸ್ ಮಿಣುಕುತ್ತದೆ. ಚಲಿಸುವ ಚಿತ್ರದಲ್ಲಿ ಕಣ್ಣಿಗೆ ಬಾಲ ಬೀಳುವಷ್ಟು ಮಿಣುಕು ಬೀಳುವುದಿಲ್ಲ, ಹಾಗಾಗಿ ಈ ವ್ಯಾಪಾರ ನನಗೆ ಒಪ್ಪಿಗೆ. ಪೂರ್ತಿ ಕನ್ನಡಿಯಂಥ ನೆಲವಾಗಿದ್ದರೆ ತಾಗಿದ ವಸ್ತುವಿನದ್ದೇ ಮೋಷನ್ ವೆಕ್ಟರ್ ಕೊಡುವ ಉಪಾಯ ಇದೆ. ಒರಟು ನೆಲಕ್ಕೆ ಅದು ಹೊಂದುವುದಿಲ್ಲ.

ಬಾಲ ಕಂಡ ತಕ್ಷಣ ಡಿನಾಯ್ಸರ್‌ಗೆ ಬೈಯಬೇಡಿ. ಮೊದಲು ಅದನ್ನು ಆಫ್ ಮಾಡಿ ಹಸಿ ಚಿತ್ರ ನೋಡಿ. ಚುಕ್ಕಿಗಳ ನಡುವೆ ಕಾಣುವ ಆಕಾರ ಈಗಿನ ಭಂಗಿಯದ್ದೇ ಆಗಿದ್ದರೆ ತಪ್ಪು ಡಿನಾಯ್ಸರ್‌ನಲ್ಲಿ. ಆಕಾರವೇ ಒಂದು ಹೆಜ್ಜೆ ಹಿಂದಿದ್ದರೆ, ಅಥವಾ ತ್ರಿಕೋನಗಳು ಕಿತ್ತು ಹೋದಂತಿದ್ದರೆ, ಸ್ಕಿನ್ನಿಂಗ್ ಮುಗಿಯುವ ಮೊದಲೇ ಮರ ಕಟ್ಟಲು ಹೊರಟಿದ್ದೀರಿ ಅಂತ ಅರ್ಥ. ಕಂಪ್ಯೂಟ್ ಮತ್ತು ಬಿಲ್ಡ್ ನಡುವೆ, ಮೊದಲಿನದು ಮುಗಿಯುವ ತನಕ ಎರಡನೆಯದನ್ನು ತಡೆಯುವ ಬ್ಯಾರಿಯರ್ ಬೇಕು. ವಲ್ಕನ್‌ನಲ್ಲಿ ಬಿಲ್ಡ್ ಹಂತ ವರ್ಟೆಕ್ಸ್ ಬಫರ್ ಓದುವುದು `VK_ACCESS_SHADER_READ_BIT` ಹೆಸರಲ್ಲಿ. ಹೆಸರು ನೋಡಿ `VK_ACCESS_ACCELERATION_STRUCTURE_READ_BIT_KHR` ಹಾಕಿದರೆ ಅದು ಈ ಬಫರ್‌ಗೆ ಲೆಕ್ಕಕ್ಕಿಲ್ಲ.

ಕಾರ್ಡಿನ ವಿಷಯಕ್ಕೆ ಬಂದರೆ, 170 ವ್ಯಾಟ್‌ಗೆ ನನಗೆ ತೃಪ್ತಿ ಇದೆ. ಒಂದು ವೇಷಕ್ಕೆ ಪ್ರತಿ ಫ್ರೇಮ್ ರೀಬಿಲ್ಡ್, ಚಾವಡಿ ತುಂಬ ರಿಫಿಟ್, ಮೇಲೆ ಡಿನಾಯ್ಸರ್, ಇಷ್ಟೂ 60 ಎಫ್‌ಪಿಎಸ್‌ನ 16.6 ಮಿಲಿಸೆಕೆಂಡ್‌ನಲ್ಲಿ ಕೂರುತ್ತದೆ. ಎಲ್ಲರನ್ನೂ ರೀಬಿಲ್ಡ್ ಮಾಡಲು ಹೋದರೆ ಕೂರುವುದಿಲ್ಲ. ಈ ವಿಮರ್ಶೆಯಲ್ಲಿ ನಾನು ಒಂದು ಪೂರ್ಣ ಸ್ಟಾರ್ ಕಡಿಮೆ ಕೊಡಲು ಕಾರಣ ಅದೇ.

ಈಗ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಡಬ್ಬದ ಮೇಲಿನ ಹೆಸರನ್ನಷ್ಟೇ ನೋಡಬೇಡಿ. ಇದೇ 3060 ಹೆಸರಲ್ಲಿ 8 ಜಿಬಿಯದ್ದೂ ಬಂತು. ಅದರ ಮೆಮೊರಿ ಬಸ್ 192 ಬಿಟ್ ಅಲ್ಲ, 128 ಬಿಟ್. ಸೆಕೆಂಡಿಗೆ 360 ಜಿಬಿ ಬದಲು 240 ಜಿಬಿ ಓಡುತ್ತದೆ. ಸ್ಕಿನ್ನಿಂಗ್ ಬಫರ್ ಬರೆಯುವುದು, ಮರ ಕಟ್ಟುವುದು, ಡಿನಾಯ್ಸರ್ ಹಳೇ ಫ್ರೇಮ್ ಓದುವುದು, ಇವೆಲ್ಲ ಮೆಮೊರಿಯನ್ನೇ ತಿನ್ನುವ ಕೆಲಸಗಳು. ಈ ಕೆಲಸಕ್ಕೆ ಬೇಕು ಅಂದರೆ 12 ಜಿಬಿಯದ್ದನ್ನೇ ಕೇಳಿ ತೆಗೆದುಕೊಳ್ಳಿ.