ಅಡಿಕೆ ಸುಲಿಯುವ ಯಂತ್ರದ ಪೇಟೆಂಟು: ಹಿನ್ನೆಲೆ ಭಾಗವನ್ನು ಮೂರು ಥರ ಬರೆದು ನೋಡಿದೆ

ನಮ್ಮ ಬದಿಯಡ್ಕದ ಕಡೆಯ ಒಬ್ಬರು ವರ್ಕ್‌ಶಾಪಿನವರು ಒಣ ಅಡಿಕೆ ಸುಲಿಯುವ ಯಂತ್ರ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದ್ದಾರೆ. ಅದನ್ನು ಲೈಸೆನ್ಸ್ ಮೇಲೆ ತಯಾರಿಸಲು ಪುತ್ತೂರು ಕಡೆಯ ಒಂದು ಕಂಪನಿ ಮುಂದೆ ಬಂತು. ಅಲ್ಲಿ ಲೈಸೆನ್ಸಿನ ಕೆಲಸ ನೋಡುವ ಮ್ಯಾನೇಜರು ಕಾಮರ್ಸ್ ಓದಿದವರು. ಯಂತ್ರದ ಒಳಗೆ ಏನಿದೆ ಅಂತ ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿ ಪೇಟೆಂಟ್ ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು. ಈ ಮೊದಲು ಏನೇನು ಇತ್ತು, ಅದರಲ್ಲಿ ಏನು ಕೊರತೆ ಅಂತ ಹೇಳುವುದು ಅರ್ಜಿಯ ಹಿನ್ನೆಲೆ ಭಾಗ. "ಹಿನ್ನೆಲೆ ಭಾಗ ಮಾತ್ರ ಓದಲು ಬರುವ ಹಾಗೆ ಕನ್ನಡದಲ್ಲಿ ಬರೆದುಕೊಡಿ" ಅಂತ ಮ್ಯಾನೇಜರು ನನಗೆ ಹೇಳಿದರು. ಅರ್ಜಿ ಇನ್ನೂ ಪ್ರಕಟವಾಗಿರಲಿಲ್ಲ. ಸಾಮಾನ್ಯವಾಗಿ 18 ತಿಂಗಳವರೆಗೆ ಅದು ಗುಟ್ಟಾಗಿಯೇ ಇರುತ್ತದೆ. ಹಾಗಾಗಿ ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಆದ ಮೇಲೆಯೇ ಕೆಲಸ ಶುರು ಮಾಡಿದೆ.

ಮೊದಲು ಮಾಡಿದ್ದು ಸಾಲಿಗೆ ಸಾಲು ಸರಳ ಮಾಡುವುದು. ಮೂಲದಲ್ಲಿದ್ದ ಒಂದು ವಾಕ್ಯ, ಕನ್ನಡದಲ್ಲಿ ಹೇಳುವುದಾದರೆ, ಹೆಚ್ಚುಕಡಿಮೆ ಹೀಗಿತ್ತು: "ಸದರಿ ಕ್ಷೇತ್ರದಲ್ಲಿ ತಿಳಿದಿರುವ, ಸ್ಥಿರ ಅಂತರವುಳ್ಳ ಸಾಧನಗಳು ಅಸಮಾನ ಗಾತ್ರದ ಫಲಗಳ ಹೊರಕವಚವನ್ನು ಬೇರ್ಪಡಿಸುವಾಗ ತಿರುಳಿಗೆ ಹಾನಿಯುಂಟುಮಾಡುವ ಸಾಧ್ಯತೆ ಇರುತ್ತದೆ." ಅದನ್ನು ನಾನು "ಈಗಿರುವ ಕೆಲವು ಯಂತ್ರಗಳಲ್ಲಿ ಅಡಿಕೆ ಹಾದುಹೋಗುವ ಸಂದಿ ಬದಲಾಗುವುದಿಲ್ಲ. ಸಣ್ಣ ದೊಡ್ಡ ಅಡಿಕೆ ಒಟ್ಟಿಗೆ ಹಾಕಿದರೆ ಒಳಗಿನ ಅಡಿಕೆ ಒಡೆಯಬಹುದು" ಅಂತ ಬರೆದೆ. ಎರಡು ಗಂಟೆಯಲ್ಲಿ ಮುಗಿಯಿತು. ಮೂಲಕ್ಕೆ ನಿಷ್ಠೆಯಾಗಿತ್ತು, ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ.

ಮ್ಯಾನೇಜರು ಓದಿ ಫೋನ್ ಮಾಡಿದರು. "ಚೆನ್ನಾಗಿದೆ, ಆದರೆ ಇದ್ರಲ್ಲಿ ನಮ್ಮ ಯಂತ್ರ ಯಾವುದು? ಎರಡನೇ ಪ್ಯಾರಾದ್ದಾ?" ಎರಡನೇ ಪ್ಯಾರಾದಲ್ಲಿದ್ದದ್ದು ಬೇರೆಯವರ ಹಳೆಯ ಪೇಟೆಂಟು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಹಿನ್ನೆಲೆ ಭಾಗದಲ್ಲಿ ಜಾಸ್ತಿ ಇರುವುದೇ ಬೇರೆಯವರ ಯಂತ್ರಗಳ ವಿವರ. ಹೊಸ ಯಂತ್ರ ಅಲ್ಲಿ ಬರುವುದೇ ಇಲ್ಲ ಅನ್ನಬಹುದು. ಪೇಟೆಂಟ್ ಕಚೇರಿಯ ಪರೀಕ್ಷಕರಿಗೆ ಇದು ಗೊತ್ತು, ಮ್ಯಾನೇಜರಿಗೆ ಯಾರೂ ಹೇಳಿರುವುದಿಲ್ಲ. ಮಾತು ಎಷ್ಟು ಸರಳವಾದರೂ "ಇದು ಯಾರದ್ದು" ಅಂತ ತಿಳಿಯದಿದ್ದರೆ ಓದಿದವರು ತಪ್ಪು ಯಂತ್ರವನ್ನು ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಎಂಜಿನಿಯರಿಗೆ ಕೊಡಲು ಈ ದಾರಿ ಸಾಕು, ಇವರಿಗೆ ಸಾಲದು.

ಎರಡನೇ ಸಲ ಕ್ರಮವನ್ನೇ ಬದಲಿಸಿದೆ. ಅಂಗಳದಿಂದ ಶುರು ಮಾಡಿದೆ. ಹಣ್ಣಡಿಕೆ ಒಂದೂವರೆ ತಿಂಗಳು ಬಿಸಿಲಿನಲ್ಲಿ ಒಣಗುತ್ತದೆ. ಸುಲಿಯುವವರು ಕತ್ತಿಯ ಮುಂದೆ ಕೂತು ಒಂದೊಂದೇ ಅಡಿಕೆ ಸುಲಿಯುತ್ತಾರೆ. ಆಳು ಸಿಗುವುದಿಲ್ಲ, ಯಂತ್ರ ತರುತ್ತಾರೆ. ಒಂದೇ ಗೊನೆಯ ಅಡಿಕೆಯೂ ಒಂದೇ ಗಾತ್ರ ಇರುವುದಿಲ್ಲವಾದ್ದರಿಂದ ಸಣ್ಣದು ಸುಲಿಯದೆ ಹಾಗೇ ಹೊರಗೆ ಬೀಳುತ್ತದೆ, ದೊಡ್ಡದು ಒಡೆಯುತ್ತದೆ. ಒಡೆದ ಅಡಿಕೆಗೆ ಅಂಗಡಿಯಲ್ಲಿ ದರ ಕಡಿಮೆ. ಮ್ಯಾನೇಜರು ಒಂದೇ ಉಸಿರಿಗೆ ಓದಿದರಂತೆ. ಅವರ ಮನೆಯಲ್ಲೂ ತೋಟ ಇದೆ, ಸಮಸ್ಯೆ ತಕ್ಷಣ ಹಿಡಿಯಿತು.

ನಾನು ಎಡವಿದ್ದೂ ಇದೇ ಕರಡಿನಲ್ಲಿ. ಕಥೆ ಓಡಬೇಕು ಅಂತ "ಒಡೆಯಬಹುದು" ಅನ್ನುವುದನ್ನು "ಒಡೆಯುತ್ತದೆ" ಮಾಡಿದ್ದೆ. "ಕೆಲವು ಯಂತ್ರಗಳು" ಅನ್ನುವುದು "ಈಗಿನ ಯಂತ್ರಗಳು" ಆಗಿತ್ತು. ಇನ್ನೊಂದು ಕಡೆ "ಸ್ಪ್ರಿಂಗ್ ಹಾಕಿದರೆ ಸರಿಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು" ಅಂತ ಸುಮ್ನೆ ಸೇರಿಸಿದ್ದೆ. ಪೇಟೆಂಟ್ ಏಜೆಂಟರು ಆ ಸಾಲಿಗೆ ಕೆಂಪು ಗೆರೆ ಎಳೆದರು. ಈ ಯಂತ್ರದ ಹೊಸತನ ನಿಂತಿರುವುದೇ ಸ್ಪ್ರಿಂಗಿನ ಮೇಲೆ. ಅದು ಎಲ್ಲರಿಗೂ ಗೊತ್ತಿದ್ದದ್ದು ಅಂತ ನಮ್ಮ ಕಡೆಯವರೇ ಬರೆದ ಕಾಗದ ಎದುರು ಪಕ್ಷದವರ ಕೈಗೆ ಸಿಕ್ಕಿದರೆ ಅದನ್ನೇ ಮುಂದಿಟ್ಟು ವಾದ ಮಾಡುತ್ತಾರೆ. ಮ್ಯಾನೇಜರಿಗೂ ಇದರಿಂದ ನಷ್ಟವೇ. ಪೇಟೆಯ ಎಲ್ಲ ಯಂತ್ರಗಳೂ ಅಡಿಕೆ ಒಡೆಯುತ್ತವೆ ಅಂತ ನಂಬಿ ಅವರು ದರ ಮಾತಾಡಲು ಕೂತರೆ ಮುಂದೆ ಮುಜುಗರ ಯಾರಿಗೆ?

ಮೂರನೇ ದಾರಿಗೆ ಎರಡು ದಿನ ಹಿಡಿಯಿತು. ಬರೆಯುವ ಮುಂಚೆ ಹಿನ್ನೆಲೆಯ ಪ್ರತಿ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಹಳೆಯ ಪೇಟೆಂಟಿನಲ್ಲೇ ಇರುವ ಮಾತಿಗೆ "ಹ". ಅರ್ಜಿದಾರರು ತಾವಾಗಿ ಹೇಳುವುದಕ್ಕೆ "ಅ". ಅಳೆದು ನೋಡಿದ್ದಕ್ಕೆ "ಪ". ಇಡೀ ಭಾಗದಲ್ಲಿ "ಪ" ಒಂದೂ ಬರಲಿಲ್ಲ. ಹಿನ್ನೆಲೆ ಅಂದರೆ ಅರ್ಜಿ ಹಾಕಿದವರ ಕಣ್ಣಿನಿಂದ ಕಂಡ ಚಿತ್ರ ಅನ್ನುವುದು ಗುರುತು ಹಾಕಿದಾಗಲೇ ನನಗೆ ಸರಿಯಾಗಿ ಕಂಡದ್ದು.

"ಹ" ಅಂತ ಗುರುತು ಹಾಕಲು ಹಳೆಯ ಪೇಟೆಂಟುಗಳನ್ನು ತೆಗೆದು ಓದಲೇಬೇಕಾಯಿತು. ಮೂರು ಇದ್ದವು. ಮೂರರಲ್ಲೂ ಸಂದಿ "ಸ್ಥಿರ" ಅಂತ ಅರ್ಜಿ ಹೇಳುತ್ತಿತ್ತು. ಎರಡನೆಯದನ್ನು ಚಿತ್ರದ ಜೊತೆ ಇಟ್ಟು ಓದಿದರೆ ಉರುಳೆಯ ಪಕ್ಕದಲ್ಲಿ ಒಂದು ಸ್ಕ್ರೂ ಇದೆ! ಅದನ್ನು ತಿರುಗಿಸಿ ಸಂದಿ ಹಿಗ್ಗಿಸಬಹುದು, ಕುಗ್ಗಿಸಬಹುದು. ಆದರೆ ಯಂತ್ರ ನಿಲ್ಲಿಸಿ ತಿರುಗಿಸಬೇಕು. ನಮ್ಮವರ ಯಂತ್ರದಲ್ಲಿ ಅಡಿಕೆ ಒಳಗೆ ಹೋಗುವಾಗ ಸ್ಪ್ರಿಂಗ್ ತಾನೇ ಜಗ್ಗಿ ಸಂದಿ ಬಿಡುತ್ತದೆ. ಅಂದರೆ ವ್ಯತ್ಯಾಸ ಇರುವುದು ನಿಜ, ಹಿನ್ನೆಲೆ ಹೇಳಿದಷ್ಟು ದೊಡ್ಡದಲ್ಲ. ಈ ವಿಷಯ ಮೊದಲು ಏಜೆಂಟರಿಗೆ ತಿಳಿಸಿದೆ. ಸಲ್ಲಿಸಿದ ಅರ್ಜಿಯ ಮಾತನ್ನು ತಿದ್ದುವುದು ನನ್ನ ಕೆಲಸ ಅಲ್ಲ, ಆದರೆ ಗೊತ್ತಿದ್ದೂ "ಸ್ಥಿರ" ಅಂತ ಮ್ಯಾನೇಜರಿಗೆ ಬರೆದುಕೊಡಲು ನನ್ನಿಂದ ಆಗುತ್ತಿರಲಿಲ್ಲ. ಏಜೆಂಟರೂ ಒಪ್ಪಿದರು.

ಆಮೇಲೆ ಎರಡನೇ ಕರಡಿನ ಕ್ರಮವನ್ನೇ ಇಟ್ಟುಕೊಂಡು ಹೊಸದಾಗಿ ಬರೆದೆ. ಮೊದಲ ಸಾಲಿನಲ್ಲೇ "ಇಲ್ಲಿ ಬರುವ ಮೂರು ಯಂತ್ರಗಳೂ ಬೇರೆಯವರವು" ಅಂದೆ. "ಮೊದಲ ಉಲ್ಲೇಖ, ಎರಡನೇ ಉಲ್ಲೇಖ" ಬಿಟ್ಟು ಹಲ್ಲಿನ ಯಂತ್ರ, ಸ್ಕ್ರೂ ಯಂತ್ರ, ಬೆಲ್ಟಿನ ಯಂತ್ರ ಅಂತ ಹೆಸರಿಟ್ಟೆ. "ಬಹುದು", "ಕೆಲವು" ಎರಡನ್ನೂ ಇದ್ದಲ್ಲೇ ಉಳಿಸಿದೆ. ಸ್ಕ್ರೂ ಯಂತ್ರದ ಪ್ಯಾರಾ ಕೊನೆಗೆ ಹೀಗೆ ಬಂತು:

"ಸ್ಕ್ರೂ ಯಂತ್ರದಲ್ಲಿ ಸಂದಿಯನ್ನು ಬದಲಿಸಬಹುದು, ಆದರೆ ಯಂತ್ರ ನಿಲ್ಲಿಸಿ ಕೈಯಿಂದ ತಿರುಗಿಸಬೇಕು. ಇದು ಆ ಪೇಟೆಂಟಿನಲ್ಲೇ ಇದೆ. ಸಣ್ಣ ದೊಡ್ಡ ಅಡಿಕೆ ಬೆರೆತಿದ್ದರೆ ದೊಡ್ಡವು ಒಡೆಯಬಹುದು ಅನ್ನುವುದು ನಮ್ಮ ಅರ್ಜಿದಾರರ ಮಾತು. ಎಷ್ಟು ಒಡೆಯುತ್ತವೆ ಅಂತ ಅರ್ಜಿಯಲ್ಲಿ ಲೆಕ್ಕ ಕೊಟ್ಟಿಲ್ಲ."

ಓದಲು ಎರಡನೆಯದರಷ್ಟು ನಯವಿಲ್ಲ, ಒಪ್ಪುತ್ತೇನೆ. ಅಲ್ಲಲ್ಲಿ "ಇದು ಯಾರ ಮಾತು" ಅಂತ ನಿಲ್ಲಬೇಕಾಗುತ್ತದೆ. ಆದರೂ ಮ್ಯಾನೇಜರ ಕೈಗೆ ನಾನು ಕೊಡುವುದು ಇದನ್ನೇ. ಎರಡನೇ ಕರಡನ್ನು ಮುಂದೆ ಕರಪತ್ರಕ್ಕೆ ಬೇಕಾದರೆ ತಿದ್ದಿ ಬಳಸಬಹುದು.

ಪ್ರತಿ ಕರಡು ಕೊಟ್ಟಾಗಲೂ ಮ್ಯಾನೇಜರಿಗೆ ಒಂದೇ ಮಾತು ಹೇಳುತ್ತಿದ್ದೆ: "ಕಾಗದ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ನನಗೆ ಹೇಳಿ." ಮೊದಲನೆಯದಕ್ಕೆ ಯಂತ್ರವೇ ಅದಲುಬದಲಾಯಿತು. ಎರಡನೆಯದಕ್ಕೆ "ಪೇಟೆಯಲ್ಲಿ ಒಳ್ಳೆ ಯಂತ್ರವೇ ಇಲ್ಲ ಅಂತಾಯ್ತು, ಅಲ್ವಾ?" ಅಂದರು. ಮೂರನೆಯದನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಸ್ಕ್ರೂ ಯಂತ್ರದ ಪೇಟೆಂಟು ಇನ್ನೂ ಚಾಲ್ತಿಯಲ್ಲಿ ಇದೆಯಾ? ಇದ್ದರೆ ಅವರ ಹತ್ತಿರವೂ ಮಾತಾಡಬೇಕಾಗಬಹುದಲ್ಲ?"

ಲೈಸೆನ್ಸ್ ನೋಡುವವರು ಕೇಳಬೇಕಾದದ್ದು ಇದನ್ನೇ, ಮತ್ತು ಇದಕ್ಕೆ ಹಿನ್ನೆಲೆ ಭಾಗದಲ್ಲಿ ಉತ್ತರ ಇರುವುದಿಲ್ಲ. ಪೇಟೆಂಟಿನ ಆಯುಷ್ಯ ಅರ್ಜಿ ಹಾಕಿದ ದಿನದಿಂದ 20 ವರ್ಷ, ನಡುವೆ ನವೀಕರಣ ಶುಲ್ಕ ಕಟ್ಟದಿದ್ದರೆ ಮೊದಲೇ ಮುಗಿಯುತ್ತದೆ. ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ನೋಡಿದೆ, ಶುಲ್ಕ ಕಟ್ಟದೆ ಸ್ಕ್ರೂ ಯಂತ್ರದ ಪೇಟೆಂಟು ನಿಂತುಹೋಗಿತ್ತು. ನೋಡಿದ ತಾರೀಖಿನ ಸಮೇತ ಅದನ್ನು ಆ ಪ್ಯಾರಾದ ಕೆಳಗೆ ಒಂದು ಸಾಲು ಸೇರಿಸಿ, ಏಜೆಂಟರಿಗೆ ತೋರಿಸಿ ಕಳುಹಿಸಿದೆ.