ಕೊಂಡ ಕವಚ, ಕಟ್ಟಿದ ಕವಚ: ಆಟದ ಪೋಸ್ಟರಿಗೊಬ್ಬ ಯೋಧ

ನನ್ನ ಅಕ್ಕನ ಮಗ ಗೆಳೆಯನೊಡನೆ ಸೇರಿ ಮಾಡಿರುವ ಮೊಬೈಲ್ ಆಟಕ್ಕೆ ಎರಡು ಅಡಿ ಅಗಲ, ಮೂರು ಅಡಿ ಎತ್ತರದ ಪೋಸ್ಟರ್ ಬೇಕಾಗಿತ್ತು. ಕವಚ ತೊಟ್ಟು, ಬೆನ್ನಿಗೆ ಹೊದಿಕೆ ಹಾಕಿ, ಮುಖಕ್ಕೆ ಬಣ್ಣ ಬಳಿದುಕೊಂಡ ಯೋಧನಾಗಿ ಅದರಲ್ಲಿ ಅವನೇ ನಿಲ್ಲಬೇಕಿತ್ತು. ನಾನು ಮೊದಲು ₹1,800 ಕೊಟ್ಟು ಅಂತರಜಾಲದಿಂದ ಉಕ್ಕಿನ ಕವಚದ ಚಿತ್ರಗಳನ್ನು ಕೊಂಡು, ಅವನ ಫೋಟೋದ ಮೇಲೆ ಫೋಟೋಶಾಪಿನಲ್ಲಿ ಜೋಡಿಸಿದೆ. ಆ ಹಣ ನೀರಿಗೆ ಹೋಯಿತು. ಆಮೇಲೆ ಫೋಮ್ ಚಾಪೆಯಿಂದ ನಿಜವಾದ ಕವಚವನ್ನೇ ಕಟ್ಟಿ ತೊಡಿಸಿದೆ. ಮುಂದೆಯೂ ಇಂಥ ಕೆಲಸ ಬಂದರೆ ನಾನು ಆರಿಸುವುದು ಚಾಪೆಯನ್ನೇ.

ನಾಟಕದ ಉಡುಪನ್ನು ಬಾಡಿಗೆಗೆ ತರುವ ಮೂರನೆಯ ದಾರಿಯೂ ಇತ್ತು. ಆದರೆ ಕಟ್ಟಕಡೆಯ ಸಾಲಿನವನಿಗೂ ಕಾಣಲೆಂದು ಮಾಡಿದ ಜರಿ ಮತ್ತು ಬೇಗಡೆ ಕ್ಯಾಮೆರಾದ ಹತ್ತಿರ ಬಂದೊಡನೆ ಹೊಲಿಗೆಯ ಸಮೇತ ಬಯಲಾಗುತ್ತವೆ.

ಕೊಂಡ ಚಿತ್ರ ಕೈಕೊಟ್ಟದ್ದು ಎಲ್ಲಿ ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕು. ಯೋಧ ಎತ್ತರವಾಗಿ ಕಾಣಲೆಂದು ನಾನು ಕ್ಯಾಮೆರಾವನ್ನು ಮೊಣಕಾಲಿನ ಮಟ್ಟದಲ್ಲಿಟ್ಟು, ಮಾಳಿಗೆಯ ಮೇಲೆ ಸಂಜೆಯ ಬಿಸಿಲಿನಲ್ಲಿ ಫೋಟೋ ತೆಗೆದಿದ್ದೆ. ಕವಚದ ಫೋಟೋವನ್ನು ಸ್ಟುಡಿಯೋದಲ್ಲಿ ಎದೆಯ ಮಟ್ಟದಿಂದ ತೆಗೆಯಲಾಗಿತ್ತು. ಕಣ್ಣಿನ ಮಟ್ಟಕ್ಕಿಂತ ಮೇಲಿರುವ ಬಳೆಯಾಕಾರದ ಯಾವುದೇ ವಸ್ತುವಿನ ಮುಂಭಾಗ ಕಾಮನಬಿಲ್ಲಿನಂತೆ ಮೇಲಕ್ಕೆ ಬಾಗಿ ಕಾಣುತ್ತದೆ; ಕೆಳಗಿರುವುದು ತೊಟ್ಟಿಲಿನಂತೆ ಕೆಳಕ್ಕೆ ಬಾಗುತ್ತದೆ. ನಮ್ಮ ವಿಜಯಪುರದವರು ಗೋಳಗುಮ್ಮಟದ ಮೂಲೆಯ ಗೋಪುರವೊಂದರ ಬುಡದಲ್ಲಿ ನಿಂತು ಮೇಲೆ ನೋಡಿದರೆ ಸಾಕು, ಅಂತಸ್ತುಗಳ ಅಂಚು ಎರಡೂ ಬದಿಗೆ ಇಳಿಜಾರಾಗಿರುವುದು ಗೊತ್ತಾಗುತ್ತದೆ. ಹುಡುಗನ ಅಂಗಿಯ ಕೊರಳಪಟ್ಟಿಯೂ ನಡುಪಟ್ಟಿಯೂ ಮೇಲಕ್ಕೆ ಬಾಗಿದ್ದವು. ಕವಚದ ನಡುಪಟ್ಟಿ ಕೆಳಕ್ಕೆ ಬಾಗಿತ್ತು. ಪೋಸ್ಟರನ್ನು ನೋಡಿದ ಅಕ್ಕನ ಮಗ, "ಮಾಮಾ, ತಲಿ ನಂದೈತಿ, ಮೈ ಬ್ಯಾರೆ ಯಾರದೋ ಕಂಡಂಗ ಆಗತೈತಿ" ಎಂದ. ಕಾರಣ ಅವನಿಗೆ ಗೊತ್ತಿರಲಿಲ್ಲ, ಆದರೆ ಕಣ್ಣು ಅದನ್ನು ಹಿಡಿದಿತ್ತು.

ಚಿತ್ರವನ್ನು ಎಳೆದು ಬಾಗಿಸುವ ಫೋಟೋಶಾಪಿನ Warp ಬಳಸಿ ಅಂಚುಗಳನ್ನೇನೋ ಬಾಗಿಸಿದೆ. ಆದರೆ ಕೆಳಗಿನಿಂದ ನೋಡಿದಾಗ ಭುಜದ ತಗಡಿನ ಒಳಮೈ ಕಾಣಬೇಕಲ್ಲ; ಮೂಲ ಫೋಟೋದಲ್ಲಿ ಇಲ್ಲದ ಆ ಭಾಗವನ್ನು ಎಷ್ಟು ಎಳೆದರೂ ತರಲಾಗದು, ಕೈಯಿಂದಲೇ ಬರೆಯಬೇಕು.

ಇದರ ಮೇಲೆ ಬೆಳಕಿನ ತೊಡಕು. ಹೊಳಪಿನ ಉಕ್ಕು ತನ್ನ ಬಣ್ಣಕ್ಕಿಂತ ಹೆಚ್ಚಾಗಿ ಸುತ್ತಲಿನದನ್ನೇ ತೋರಿಸುತ್ತದೆ. ಸ್ಟುಡಿಯೋದ ಕವಚದಲ್ಲಿ ಬಿಳಿ ಪರದೆ ಮತ್ತು ಕಪ್ಪು ಗೋಡೆ ಮೂಡಿದ್ದವು. ಮಾಳಿಗೆಯಲ್ಲಿ ನಿಂತವನ ಕವಚದ ಮೇಲುಮುಖದಲ್ಲಿ ಆಕಾಶದ ನೀಲಿಯೂ ಕೆಳಮುಖದಲ್ಲಿ ನೆಲದ ಮಣ್ಣುಬಣ್ಣವೂ ಇರಬೇಕಿತ್ತು. ಕೆಳಗಿನ ಚಿತ್ರಕ್ಕೆ ಮೆಲ್ಲನೆ ಬಣ್ಣದ ಛಾಯೆ ಕೊಡುವ Soft Light ಪದರಿನಲ್ಲಿ ಆ ಎರಡು ಬಣ್ಣಗಳನ್ನು ಹಚ್ಚಿ, ಕೊರಳಪಟ್ಟಿಯ ಕೆಳಗೆ, ಅಡಿಯಲ್ಲಿರುವುದನ್ನು ಗಾಢವಾಗಿಸುವ Multiply ಪದರಿನಲ್ಲಿ ತೆಳುವಾದ ನೆರಳು ಕೊಟ್ಟ ಮೇಲೆ ಎಷ್ಟೋ ಸುಧಾರಿಸಿತು. ಆದರೂ ನಾಲ್ಕು ರಾತ್ರಿ ಕಳೆದ ಮೇಲೆ ಆ ಕಡತವನ್ನು ಮುಚ್ಚಿಟ್ಟೆ.

ಕಟ್ಟಿದ ಕವಚಕ್ಕೆ ಹಿಡಿದದ್ದು ಆರು ಸಂಜೆ, ಸುಮಾರು ₹2,400. ಮಕ್ಕಳ ಆಟದ ಕೋಣೆಗೆ ಹಾಸುವ ಹತ್ತು ಮಿಲಿಮೀಟರ್ ದಪ್ಪದ ಚಾಪೆಯನ್ನು ಕತ್ತರಿಸಿ, ಬಿಸಿಗಾಳಿ ಗನ್ನಿನಿಂದ ಕಾಯಿಸಿ, ಬಾಗಿಸಿ ತಣಿಯುವವರೆಗೆ ಹಿಡಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಜೋಡಣೆಗೆ ಚಪ್ಪಲಿ ಅಂಟಿಸುವ ಅಂಟನ್ನು ಎರಡೂ ಅಂಚಿಗೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ವಾಸನೆ ಜೋರಾಗಿರುವುದರಿಂದ ಕಿಟಕಿ ತೆರೆದಿರಲಿ. ನಾನು ಮೊದಲ ಭುಜಕ್ಕೆ ನೇರವಾಗಿ ಬಣ್ಣ ಹಚ್ಚಿದ್ದರಿಂದ ಚಾಪೆಯ ರಂಧ್ರಗಳು ಅದನ್ನು ಕುಡಿದು, ಮೈ ಕಲೆಕಲೆಯಾಯಿತು. ಎರಡನೆಯದಕ್ಕೆ ನೀರು ಬೆರೆಸಿದ ಬಿಳಿ ಅಂಟನ್ನು ಮೂರು ಸಲ ಬಳಿದು ಒಣಗಿಸಿ, ಕಪ್ಪು ಹಚ್ಚಿ, ಬಳಿಕ ಬೆಳ್ಳಿ ಬಣ್ಣವನ್ನು ಬಹುತೇಕ ಒಣಗಿದ ಕುಂಚದಿಂದ ಉಬ್ಬುಗಳಿಗೂ ಅಂಚುಗಳಿಗೂ ಮಾತ್ರ ಸವರಿದೆ. ಇಡೀ ಮೈಗೆ ಬೆಳ್ಳಿ ಬಳಿದರೆ ಅದು ಎಣ್ಣೆ ಡಬ್ಬಿಯಂತಾಗುತ್ತದೆ.

ಹೊದಿಕೆಗೆ ಮನೆಯಲ್ಲಿದ್ದ ಕರಿ ಕಂಬಳಿಯನ್ನೇ ಬಳಸಿದೆ. ಅದರ ತೂಕಕ್ಕೆ ಭುಜದಿಂದ ಬೀಳುವ ಮಡಿಕೆಗಳು ಬಹಳ ಚೆನ್ನಾಗಿ ಬರುತ್ತವೆ, ಆದರೆ ಅದು ಗಾಳಿಗೆ ಹಾರುವುದಿಲ್ಲ. ಹಾರುವ ಹೊದಿಕೆಯೇ ಬೇಕೆನ್ನುವವರು ತೆಳು ಹತ್ತಿಬಟ್ಟೆಯ ತುದಿಯನ್ನು ಇನ್ನೊಬ್ಬರಿಂದ ಬೀಸಿಸಿ, 1/500 ಸೆಕೆಂಡಿನಷ್ಟು ಶಟರ್ ವೇಗದಲ್ಲಿ ತೆಗೆಯಬೇಕು.

ಮುಖದ ಬಣ್ಣದಲ್ಲಿ ಮಾತ್ರ ಕಂಪ್ಯೂಟರಿಗೆ ಅರ್ಧ ಅಂಕ ಕೊಡುತ್ತೇನೆ. ಮುಖಕ್ಕೆಂದೇ ಮಾರುವ, ನೀರಿನಲ್ಲಿ ಕಲಸುವ ಬಣ್ಣ ಚರ್ಮದ ಗೆರೆಗಳಲ್ಲಿ ಸಹಜವಾಗಿ ಕೂಡುತ್ತದೆ, ಆದರೆ ನಮ್ಮ ಬಿಸಿಲಿಗೆ ಇಪ್ಪತ್ತೇ ನಿಮಿಷದಲ್ಲಿ ಮೂಗಿನ ಬದಿ ಬೆವರಿಗೆ ಕರಗಿತು. ಅಷ್ಟನ್ನು Multiply ಪದರಿನಲ್ಲಿ ತುಂಬಿದೆ. ಗೋಡೆಗೂ ಕ್ಯಾನ್ವಾಸಿಗೂ ಹಚ್ಚುವ ಬಣ್ಣವನ್ನು ಮುಖಕ್ಕೆ ತರಲೇಬಾರದು.

ಎದೆಯಿಂದ ಮೇಲಷ್ಟೇ ತೋರಿಸುವ, ನೇರ ಎದುರಿನಿಂದ ತೆಗೆದ ಚಿತ್ರ ಸಾಕೆನ್ನುವವರಿಗೆ ಕೊಂಡ ಕವಚವೂ ನಡೆದೀತು. ಆದರೆ ಆ ಕವಚದ ಫೋಟೋ ಮೊದಲು ಕೈಯಲ್ಲಿರಲಿ, ಅದರ ಕ್ಯಾಮೆರಾ ಎತ್ತರವನ್ನೂ ಬೆಳಕಿನ ದಿಕ್ಕನ್ನೂ ನೋಡಿಕೊಂಡೇ ಆಳನ್ನು ನಿಲ್ಲಿಸಲಿ. ನನಗೆ ಹಗಲೆಲ್ಲ ಪರದೆಯ ಮುಂದೆಯೇ ಕೆಲಸವಿರುವುದರಿಂದ ಸಂಜೆ ಚಾಕು ಹಿಡಿಯುವುದು ಭಾರವೆನಿಸಲಿಲ್ಲ. ಕವಚ ಈಗ ಅಟ್ಟದ ಮೇಲಿದೆ. ಅಕ್ಕನ ಮಗನ ಗೆಳೆಯ ಎರಡನೆಯ ಪೋಸ್ಟರಿಗೆಂದು ಅದನ್ನು ಆಗಲೇ ಕೇಳಿದ್ದಾನೆ.